ಎಐ ಮಾಡಿಕೊಟ್ಟ ಪಿಪಿಟಿ ಟೊಳ್ಳಾಗಿದೆ ಅನ್ಸಿದ್ರೆ ಎಲ್ಲಿಂದ ರಿಪೇರಿ ಶುರು ಮಾಡ್ಬೇಕು: ಮಳೆನೀರು ಕೊಯ್ಲು ಪಿಪಿಟಿ ಒಂದನ್ನ ಬಿಚ್ಚಿ ನೋಡೋಣ

ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಶನ್‌ಗಳಲ್ಲಿ ಈಗ ಇದು ಮಾಮೂಲಿ ಆಗಿದೆ. ಜನರಲ್ ಬಾಡಿ ಮೀಟಿಂಗ್ ಭಾನುವಾರ ಇದೆ, ಮಳೆನೀರು ಕೊಯ್ಲು ಮಾಡಿಸೋಕೆ ದುಡ್ಡು ಎತ್ತಬೇಕು, ಕಮಿಟಿಲಿ ಒಬ್ರು ಶುಕ್ರವಾರ ರಾತ್ರಿ ಎಐ ಟೂಲ್‌ಗೆ "ನಮ್ಮ ಅಪಾರ್ಟ್‌ಮೆಂಟ್‌ಗೆ ಮಳೆನೀರು ಕೊಯ್ಲು, 12 ಸ್ಲೈಡ್" ಅಂತ ಒಂದು ಸಾಲು ಹಾಕ್ತಾರೆ, ಎರಡು ನಿಮಿಷದಲ್ಲಿ ಬಣ್ಣ ಬಣ್ಣದ ಪಿಪಿಟಿ ಬರುತ್ತೆ. ನೋಡೋಕೆ ಚೆನ್ನಾಗೇ ಇರುತ್ತೆ. ಮೀಟಿಂಗಲ್ಲಿ ಮೂರನೇ ಸ್ಲೈಡ್ ಬರೋ ಹೊತ್ತಿಗೆ ಹಿಂದಿನ ಸಾಲಲ್ಲಿ ಕೂತೋರು ಫೋನ್ ತೆಗೀತಾರೆ, ಯಾರೋ ಹಿರಿಯರು ಎದ್ದು "ಅದೆಲ್ಲ ಸರಿ ಸಾರ್, ನಮ್ಮ ಬಿಲ್ಡಿಂಗ್‌ಗೆ ಎಷ್ಟು ನೀರು ಬರುತ್ತೆ, ಎಷ್ಟು ದುಡ್ಡು ಉಳಿಯುತ್ತೆ ಹೇಳಿ" ಅಂತಾರೆ, ಉತ್ತರ ಆ 12 ಸ್ಲೈಡಲ್ಲಿ ಎಲ್ಲೂ ಇರಲ್ಲ.

ಈ ಟೊಳ್ಳುತನ ಎಲ್ಲಿಂದ ಬರುತ್ತೆ, ಯಾವ ಸ್ಲೈಡ್ ಕಿತ್ತು ಬಿಸಾಕ್ಬೇಕು, ಯಾವುದಕ್ಕೆ ಅಂಕಿ ತುಂಬಬೇಕು, ಯಾವ ಅಂಕಿ ಸುಳ್ಳು ಅನ್ನೋದನ್ನ ಹೇಗೆ ಪತ್ತೆ ಮಾಡೋದು ಅಂತ ಕೆಳಗೆ ಬರ್ದಿದೀನಿ. ಉದಾಹರಣೆಗೆ 40 ಮನೆ ಇರೋ ಒಂದು ಅಪಾರ್ಟ್‌ಮೆಂಟ್ ಅಂತ ಇಟ್ಕೊಳ್ಳೋಣ, ಟೆರೇಸ್ 8,600 ಚದರಡಿ, ಬೋರ್‌ವೆಲ್ ಇದೆ ಆದ್ರೆ ಸಾಲಲ್ಲ, ಟ್ಯಾಂಕರ್ ತರಿಸ್ತಾರೆ. ಬಿಲ್ಡಿಂಗಿನ ಅಂಕಿಗಳೆಲ್ಲ ಲೆಕ್ಕ ತೋರಿಸೋಕೆ ಇಟ್ಕೊಂಡಿದ್ದು, ನಿಮ್ಮದರಲ್ಲಿ ನಿಮ್ಮ ಅಂಕಿ ಹಾಕ್ಕೊಳ್ಳಿ.

ಲಕ್ಷಣ

ಇಂಥ ಪಿಪಿಟಿಗಳು ಎಲ್ಲ ಹೆಚ್ಚು ಕಮ್ಮಿ ಒಂದೇ ಥರ ಇರ್ತವೆ. ಮೊದಲು ಪೀಠಿಕೆ, ಆಮೇಲೆ ಜಾಗತಿಕ ನೀರಿನ ಬಿಕ್ಕಟ್ಟು, ಆಮೇಲೆ ಪ್ರಯೋಜನಗಳು, ಸವಾಲುಗಳು, ಅನುಷ್ಠಾನದ ಹಂತಗಳು, ಮುಂದಿನ ದಾರಿ, ಧನ್ಯವಾದಗಳು. ಪ್ರತಿ ಸ್ಲೈಡಲ್ಲೂ ಮೂರೋ ನಾಲ್ಕೋ ಬುಲೆಟ್, ಎಲ್ಲಾ ಸುಮಾರಾಗಿ ಒಂದೇ ಉದ್ದ. "ಪರಿಸರಸ್ನೇಹಿ ಹಾಗೂ ಸುಸ್ಥಿರ ಪರಿಹಾರ", "ದೀರ್ಘಾವಧಿ ವೆಚ್ಚ ಉಳಿತಾಯ", "ಸಮುದಾಯದ ಸಕ್ರಿಯ ಪಾಲ್ಗೊಳ್ಳುವಿಕೆ". ಚಿತ್ರ ಅಂದ್ರೆ ಎರಡು ಕೈಯಲ್ಲಿ ನೀರು ಹಿಡ್ಕೊಂಡಿರೋ ಫೋಟೋ. ಎಲ್ಲೋ ಒಂದು ಕಡೆ ದಪ್ಪಕ್ಷರದಲ್ಲಿ "ನೀರಿನ ವೆಚ್ಚದಲ್ಲಿ 40% ವರೆಗೆ ಕಡಿತ" ಅಂತ ಇರುತ್ತೆ, ಯಾರ ವೆಚ್ಚ ಯಾವ ವರ್ಷ ಅಂತ ಇರಲ್ಲ.

ಕಾರಣ ಸುಲಭ. ಟೂಲ್ ಕೈಗೆ ನಿಮ್ಮ ಟ್ಯಾಂಕರ್ ರಿಜಿಸ್ಟರ್ ಕೊಟ್ಟಿಲ್ಲ, ಟೆರೇಸ್ ಅಳತೆ ಕೊಟ್ಟಿಲ್ಲ, ಪ್ಲಂಬರ್ ಕೊಟೇಶನ್ ಕೊಟ್ಟಿಲ್ಲ. 12 ಸ್ಲೈಡ್ ಕೇಳಿದೀರ, ಅದು 12 ತುಂಬಿಸಿದೆ. ಅದಕ್ಕೇ ಭಾಷೆ ತಿದ್ದೋಕೆ ಕೂತ್ರೆ ಪ್ರಯೋಜನ ಇಲ್ಲ, "ಸುಸ್ಥಿರ" ತೆಗೆದು "ಬಾಳಿಕೆ ಬರುವ" ಅಂತ ಹಾಕಿದ್ರೂ ಒಳಗೆ ಏನೂ ಬಂದಿರಲ್ಲ. ಕಾಗದಪತ್ರ ತಂದು ಪಕ್ಕದಲ್ಲಿ ಇಟ್ಕೊಂಡು ಆಮೇಲೆ ಕೈ ಹಾಕ್ಬೇಕು.

ಮೊದಲ ಪರೀಕ್ಷೆ: ವಿಷಯದ ಹೆಸರು ಬದಲಾಯಿಸಿ ಓದಿ

ಪವರ್‌ಪಾಯಿಂಟಲ್ಲಿ ವ್ಯೂ ಮೆನುನಲ್ಲಿ `Outline View` ಅಂತ ಇದೆ, ಅದಕ್ಕೆ ಹೋಗಿ. ಎಡಗಡೆ ಪಟ್ಟಿಲಿ ಚಿತ್ರ ಬಣ್ಣ ಏನೂ ಇಲ್ಲದೆ ಬರೀ ಬರಹ ಕಾಣುತ್ತೆ, ಮುಕ್ಕಾಲು ಭಾಗ ಟೊಳ್ಳು ಅಲ್ಲೇ ಗೊತ್ತಾಗುತ್ತೆ, ಯಾಕಂದ್ರೆ ಡಿಸೈನ್ ಚೆನ್ನಾಗಿದ್ರೆ ಕಣ್ಣು ಕ್ಷಮಿಸಿಬಿಡುತ್ತೆ. ಒಂದು ವಿಷಯ, ಕೆಲವು ಟೂಲ್‌ಗಳು ಬರಹನ ಸಾಮಾನ್ಯ ಟೆಕ್ಸ್ಟ್ ಬಾಕ್ಸಲ್ಲಿ ಹಾಕಿರ್ತವೆ, ಅಂಥದ್ದು ಔಟ್‌ಲೈನಲ್ಲಿ ಕಾಣ್ಸಲ್ಲ, ಔಟ್‌ಲೈನ್ ಖಾಲಿ ಇದ್ರೆ ಗಾಬರಿ ಬೇಡ, ಸ್ಲೈಡಿಂದ ಕಾಪಿ ಮಾಡಿ ಒಂದು ಫೈಲಿಗೆ ಹಾಕ್ಕೊಂಡು ಓದಿ.

ಈಗ ಪ್ರತಿ ಸಾಲಲ್ಲೂ "ಮಳೆನೀರು ಕೊಯ್ಲು" ಇರೋ ಜಾಗದಲ್ಲಿ "ಸೋಲಾರ್ ಪ್ಯಾನೆಲ್" ಅಂತ ಇಟ್ಟು ಓದಿ. "ಸೋಲಾರ್ ಪ್ಯಾನೆಲ್ ಪರಿಸರಸ್ನೇಹಿ ಹಾಗೂ ಸುಸ್ಥಿರ ಪರಿಹಾರ", ಸರಿ ಹೋಯ್ತು. "ಸೋಲಾರ್ ಪ್ಯಾನೆಲ್‌ನಿಂದ ದೀರ್ಘಾವಧಿ ವೆಚ್ಚ ಉಳಿತಾಯ", ಇದೂ ಸರಿ ಹೋಯ್ತು. ಹೀಗೆ ಸರಿ ಹೋದ ಸಾಲು ನಿಮ್ಮ ಬಿಲ್ಡಿಂಗ್ ಬಗ್ಗೆ ಏನೂ ಹೇಳ್ತಿಲ್ಲ, ಅದಕ್ಕೆ ಕೆಂಪು ಗುರುತು ಹಾಕಿ. "ಮೊದಲ ಮಳೆಯ ಕೊಳಕು ನೀರನ್ನು ಸಂಪ್‌ಗೆ ಬಿಡದೆ ಹೊರಗೆ ಹರಿಸಬೇಕು" ಅನ್ನೋ ಸಾಲಲ್ಲಿ ಸೋಲಾರ್ ಇಟ್ರೆ ಅರ್ಥ ಕೆಡುತ್ತೆ, ಅಂದ್ರೆ ಇದು ವಿಷಯದ ಸಾಲು, ಇರಲಿ.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಇದು ಟೊಳ್ಳು ಸಾಲು ಹಿಡಿಯುತ್ತೆ, ಸುಳ್ಳು ಸಾಲು ಹಿಡಿಯಲ್ಲ. ವಿಷಯಕ್ಕೆ ಅಂಟ್ಕೊಂಡೇ ಇದ್ದು ತಪ್ಪಾಗಿರೋದು ಇದರಲ್ಲಿ ಪಾಸ್ ಆಗುತ್ತೆ.

ಎರಡನೇ ಪರೀಕ್ಷೆ: ಪ್ರತಿ ಅಂಕಿಗೂ ಅಪ್ಪ ಯಾರು ಕೇಳಿ

ಪಿಪಿಟಿಲಿ ಇರೋ ಒಂದೊಂದು ಅಂಕಿನೂ ಪಟ್ಟಿ ಮಾಡಿ, ಪಕ್ಕದಲ್ಲಿ ಎಲ್ಲಿಂದ ಬಂತು, ಯಾವ ವರ್ಷದ್ದು, ಯಾವ ಅಳತೆ ಅಂತ ಬರೀರಿ. ಸ್ಪೀಕರ್ ನೋಟ್ಸಲ್ಲೂ ನೋಡಿ, ಅಲ್ಲೂ ಅಂಕಿ ಬಚ್ಚಿಟ್ಕೊಂಡಿರ್ತವೆ, ಓದೋರು ಮೀಟಿಂಗಲ್ಲಿ ಅದನ್ನ ಜೋರಾಗಿ ಓದಿಬಿಡ್ತಾರೆ.

"40% ವರೆಗೆ ಕಡಿತ" ಅನ್ನೋದಕ್ಕೆ ಮೂಲ ಹುಡುಕ್ತಾ ಕೂರಬೇಡಿ. ಎಲ್ಲೋ ಒಂದು ಬಿಲ್ಡಿಂಗಿಗೆ ಅದು ನಿಜ ಆಗಿದ್ರೂ ನಿಮ್ಮದಕ್ಕೆ ಹೇಗೆ ನಿಜ ಆಗುತ್ತೆ? ಟೆರೇಸ್ ಬೇರೆ, ಜನ ಬೇರೆ. ತೆಗೀರಿ.

ಇದಕ್ಕಿಂತ ಕಷ್ಟದ್ದು ಅಂದ್ರೆ ನಿಜವಾದ ಮೂಲ ಇರೋ, ಆದ್ರೆ ಹಳಸಿಹೋದ ಅಂಕಿ. ಬೆಂಗಳೂರು ನೀರಿನ ಪಿಪಿಟಿಗಳಲ್ಲಿ ಇದು ಸುಲಭವಾಗಿ ನುಸುಳುತ್ತೆ: "2020ರ ವೇಳೆಗೆ ಬೆಂಗಳೂರು ಸೇರಿ 21 ನಗರಗಳಲ್ಲಿ ಅಂತರ್ಜಲ ಬರಿದಾಗಲಿದೆ, ನೀತಿ ಆಯೋಗ". ನೀತಿ ಆಯೋಗದ 2018ರ ವರದಿಲಿ ಈ ಮಾತು ಇದ್ದಿದ್ದು ನಿಜ. ಆದ್ರೆ 2020 ಬಂದು ಹೋಗಿ ವರ್ಷಗಳಾಯ್ತು, ಬೋರ್‌ವೆಲ್‌ಗಳು ಆಳ ಆಗಿವೆ, ತುಂಬಾ ಬತ್ತಿವೆ, ಆದ್ರೆ ಊರಿನ ಅಂತರ್ಜಲ ಸೊನ್ನೆ ಆಗಿಲ್ಲ. ಮೀಟಿಂಗಲ್ಲಿ ಕೂತಿರೋರ ಮನೇಲೇ ಬೋರ್ ನೀರು ಬರ್ತಿರುವಾಗ ಈ ಸ್ಲೈಡ್ ತೋರಿಸಿದ್ರೆ ಉಳಿದ 11 ಸ್ಲೈಡನ್ನೂ ಯಾರೂ ನಂಬಲ್ಲ. ಅದೇ ಜಾಗದಲ್ಲಿ "ನಮ್ಮ ಬೋರ್ 2024ರ ಮಾರ್ಚ್‌ನಲ್ಲಿ ದಿನಕ್ಕೆ ಎಷ್ಟು ಗಂಟೆ ಓಡ್ತು, ಈಗ ಎಷ್ಟು ಓಡ್ತಿದೆ" ಅಂತ ಮೋಟರ್ ನೋಡ್ಕೊಳ್ಳೋರನ್ನ ಕೇಳಿ ಒಂದು ಸಾಲು ಹಾಕಿ, ಹತ್ತು ಪಟ್ಟು ತೂಕ ಬರುತ್ತೆ.

ಚಾರ್ಟ್ ಇದ್ರೆ ಅದನ್ನ ತೆರೆದೇ ನೋಡಿ

ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ `Edit Data` ಒತ್ತಿ. ಒಳಗೆ `Category 1`, `Series 1` ಅಂತ ಹೆಸರು, ಅದರ ಕೆಳಗೆ 4.3, 2.5, 3.5, 4.5 ಅಂತ ಅಂಕಿ ಕಂಡ್ರೆ, ಅದು ಪವರ್‌ಪಾಯಿಂಟ್ ಹೊಸ ಕಾಲಂ ಚಾರ್ಟ್ ಹಾಕ್ದಾಗ ತಾನೇ ಕೊಡೋ ಮಾದರಿ ಅಂಕಿ. ಮೇಲೆ "ವಾರ್ಷಿಕ ನೀರಿನ ಉಳಿತಾಯ" ಅಂತ ಶೀರ್ಷಿಕೆ ಮಾತ್ರ ಬರ್ದಿರುತ್ತೆ. ಇನ್ನು ಚಾರ್ಟ್ ಬರೀ ಚಿತ್ರ ಆಗಿದ್ದು `Edit Data` ಬರ್ಲೇ ಇಲ್ಲ ಅಂದ್ರೆ ಅದರ ಹಿಂದೆ ಅಂಕಿ ಇದೆಯೋ ಇಲ್ವೋ ತಿಳಿಯೋ ದಾರಿನೇ ಇಲ್ಲ, ಅಳಿಸಿಬಿಡಿ. ಉಳಿಸ್ಕೊಂಡು ತಿದ್ದೋಣ ಅಂತ ಹೋಗೋದು ಸಮಯ ದಂಡ.

ಈಗ ನಿಜವಾದ ಅಂಕಿ ತರೋದು

ನಾಲ್ಕು ಕಾಗದ ಬೇಕು: ಹೋದ 12 ತಿಂಗಳ ಟ್ಯಾಂಕರ್ ರಿಜಿಸ್ಟರ್ ತಿಂಗಳವಾರು, ಟೆರೇಸ್ ಅಳತೆ, ಪ್ಲಂಬರ್ ಬರೆದುಕೊಟ್ಟ ಕೊಟೇಶನ್, ಜಲಮಂಡಳಿ ಕನೆಕ್ಷನ್ ಇದ್ರೆ ಅದರ ಬಿಲ್. ರಿಜಿಸ್ಟರ್ ಸೆಕ್ಯೂರಿಟಿ ಹತ್ರ ಇರುತ್ತೆ, ಪ್ರತಿ ಲೋಡ್‌ಗೆ ಸೈನ್ ಹಾಕಿರ್ತಾರೆ. ಇದೊಂದು ಕೈಗೆ ಬಂದ್ರೆ ಅರ್ಧ ಪಿಪಿಟಿ ತಾನೇ ಎದ್ದು ನಿಲ್ಲುತ್ತೆ.

ನೀರಿನ ಲೆಕ್ಕ ಇಷ್ಟೇ:

```
ಲೀಟರ್ = ಟೆರೇಸ್ (ಚದರ ಮೀಟರ್) × ಮಳೆ (ಮಿಮೀ) × 0.8
```

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. 0.8 ಯಾಕೆ ಅಂದ್ರೆ ಕಾಂಕ್ರೀಟ್ ಹೀರೋದು, ಆವಿ ಆಗೋದು, ಮೊದಲ ಕೊಳಕು ನೀರು ಹೊರಗೆ ಬಿಡೋದು ಎಲ್ಲ ಸೇರಿ ಐದರಲ್ಲಿ ಒಂದು ಪಾಲು ಹೋಗುತ್ತೆ ಅಂತ ಹಿಡಿಯೋದು.

ಟೂಲ್ ಮಾಡಿದ ಲೆಕ್ಕ ಆಗಲಿ ನೀವೇ ಅವಸರದಲ್ಲಿ ಮಾಡಿದ್ದಾಗಲಿ ತಪ್ಪೋದು ಹೆಚ್ಚಾಗಿ ಇಲ್ಲೇ. ನಮ್ಮಲ್ಲಿ ಟೆರೇಸ್ ಹೇಳೋದು ಚದರಡಿಲಿ, ಸೂತ್ರ ಕೇಳೋದು ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಮೀ ಅಂತ ಹಿಡೀರಿ. 8,600 ಅನ್ನು ಹಾಗೇ ಹಾಕಿಬಿಟ್ರೆ 66.7 ಲಕ್ಷ ಲೀಟರ್ ಬರುತ್ತೆ. ಈಗ ಬಳಕೆ ನೋಡಿ: 40 ಮನೆ, ಮನೆಗೆ ಮೂರೂವರೆ ಜನ ಅಂದ್ರೆ 140 ಜನ, ತಲೆಗೆ ದಿನಕ್ಕೆ 135 ಲೀಟರ್ ಅನ್ನೋ ನಗರ ನೀರು ಪೂರೈಕೆ ಮಾನದಂಡ ಹಾಕಿದ್ರೆ ದಿನಕ್ಕೆ 18,900, ವರ್ಷಕ್ಕೆ 69 ಲಕ್ಷ ಲೀಟರ್. ಅಂದ್ರೆ ತಪ್ಪು ಲೆಕ್ಕದ ಪ್ರಕಾರ "ಮಳೆನೀರಿಂದಲೇ 97% ಅಗತ್ಯ ಪೂರೈಕೆ" ಅಂತ ಸ್ಲೈಡ್ ಬರುತ್ತೆ, ಅದು ನೋಡೋಕೆ ಎಷ್ಟು ಸಲೀಸಾಗಿರುತ್ತೆ ಅಂದ್ರೆ ಯಾರಿಗೂ ಡೌಟೇ ಬರಲ್ಲ. 10.764ರಿಂದ ಭಾಗಿಸಿ, 8,600 ಚದರಡಿ ಅಂದ್ರೆ 799 ಚದರ ಮೀಟರ್, ಆಗ ಬರೋದು 6.2 ಲಕ್ಷ ಲೀಟರ್. ಬಳಕೆಯ 9%. 97 ಮತ್ತು 9 ಎರಡರ ನಡುವೆ ಇರೋದು ಒಂದು ಭಾಗಾಕಾರ ಅಷ್ಟೇ.

ಇದನ್ನ ಹಿಡಿಯೋಕೆ ಒಂದು ಸುಲಭ ದಾರಿ: ನಾಲ್ಕಾರು ಮಹಡಿ ಇರೋ ಬಿಲ್ಡಿಂಗಲ್ಲಿ ಟೆರೇಸ್ ಒಂದೇ, ಅದರ ಕೆಳಗೆ ವಾಸ ಮಾಡೋರು ನೂರಾರು ಜನ. ಅಲ್ಲಿ ಟೆರೇಸ್ ನೀರು ಅರ್ಧಕ್ಕಿಂತ ಹೆಚ್ಚು ಅಗತ್ಯ ಪೂರೈಸುತ್ತೆ ಅಂತ ಲೆಕ್ಕ ಬಂದ್ರೆ ಅಳತೆ ತಪ್ಪಿದೆ ಅಂತಾನೇ ತಿಳೀರಿ.

6.2 ಲಕ್ಷ ಬಂತು, ಅಷ್ಟಕ್ಕೇ ನಿಲ್ಲಿಸ್ಬೇಡಿ

ಇಲ್ಲಿಂದ ನೇರ ಹಾರೋದು ಹೀಗೆ: 6.2 ಲಕ್ಷ ಲೀಟರ್, ಟ್ಯಾಂಕರ್ 6,000 ಲೀಟರ್, ಹಾಗಾದ್ರೆ 103 ಲೋಡ್, ಲೋಡ್ 900 ರೂಪಾಯಿ ಅಂದ್ರೆ ವರ್ಷಕ್ಕೆ 92,700 ಉಳಿತಾಯ. ಲೆಕ್ಕ ತಪ್ಪಿಲ್ಲ, ಆದ್ರೆ ಇದು ಆಗೋದಿಲ್ಲ. ಮಳೆ ಬರೋ ತಿಂಗಳು ಬೇರೆ, ಟ್ಯಾಂಕರ್ ಬರೋ ತಿಂಗಳು ಬೇರೆ.

ಸೆಪ್ಟೆಂಬರ್ ತಗೊಳ್ಳಿ, ಬೆಂಗಳೂರಿನಲ್ಲಿ ಹೆಚ್ಚು ಮಳೆ ಬರೋ ತಿಂಗಳು, ಸುಮಾರು 200 ಮಿಮೀ. ಟೆರೇಸಿಂದ ಹೆಚ್ಚು ಕಮ್ಮಿ 1,28,000 ಲೀಟರ್, ಅಂದ್ರೆ 21 ಲೋಡ್‌ನಷ್ಟು ನೀರು. ರಿಜಿಸ್ಟರ್ ತೆಗೆದು ನೋಡಿದ್ರೆ ಸೆಪ್ಟೆಂಬರಲ್ಲಿ ತರಿಸಿದ್ದು 9 ಲೋಡ್ ಅಂತಿಟ್ಕೊಳ್ಳಿ. ಹಾಗಾದ್ರೆ ದುಡ್ಡು ಉಳಿಯೋದು 9 ಲೋಡಿಂದು ಮಾತ್ರ, ಉಳಿದ 12 ಲೋಡ್ ನೀರು ಬೋರ್ ಕೆಲಸ ಕಮ್ಮಿ ಮಾಡುತ್ತೆ ಅಥವಾ ಇಂಗುಬಾವಿಗೆ ಹೋಗುತ್ತೆ, ಒಳ್ಳೇದೇ, ಆದ್ರೆ ಟ್ಯಾಂಕರ್ ಬಿಲ್ಲಲ್ಲಿ ಕಾಣಲ್ಲ. ಫೆಬ್ರವರಿಲಿ ಉಲ್ಟಾ, ಮಳೆ 7 ಮಿಮೀ ಬಿತ್ತು ಅಂದ್ರೂ ಸಿಗೋದು ನಾಲ್ಕೂವರೆ ಸಾವಿರ ಲೀಟರ್, ಒಂದು ಲೋಡೂ ಇಲ್ಲ, ಟ್ಯಾಂಕರ್ ಮಾತ್ರ ಗೇಟ್ ಹತ್ರ ಸಾಲಾಗಿ ನಿಂತಿರುತ್ತೆ.

ಹಾಗಾಗಿ ಪ್ರತಿ ತಿಂಗಳಿಗೂ ಎರಡು ಅಂಕಿ ಬರೀರಿ, ಮಳೆಯಿಂದ ಎಷ್ಟು ಲೋಡ್ ಸಿಗುತ್ತೆ ಮತ್ತೆ ಎಷ್ಟು ಲೋಡ್ ತರಿಸಿದ್ರಿ, ಎರಡರಲ್ಲಿ ಚಿಕ್ಕದನ್ನ ಮಾತ್ರ ತಗೊಂಡು 12 ತಿಂಗಳು ಕೂಡಿಸಿ. ನಮ್ಮ ಉದಾಹರಣೇಲಿ ಅದು 103ರಿಂದ 50ಕ್ಕೆ ಇಳಿಯಿತು ಅಂತಿಟ್ಕೊಳ್ಳೋಣ. ಉಳಿತಾಯ ವರ್ಷಕ್ಕೆ 45,000. ಪೈಪ್, ಫಿಲ್ಟರ್, ಇಂಗುಬಾವಿ ಎಲ್ಲ ಸೇರಿ ಕೊಟೇಶನ್ 2,60,000 ಇದ್ರೆ ದುಡ್ಡು ವಾಪಸ್ ಬರೋಕೆ ಆರು ವರ್ಷ ಹತ್ರ, ಮನೆಗೆ 6,500 ರೂಪಾಯಿ. ಎಐ ಸ್ಲೈಡಲ್ಲಿ "2 ವರ್ಷದಲ್ಲಿ ಹೂಡಿಕೆ ಮರಳಿ" ಅಂತ ಇದ್ರೆ ಅದರ ಜಾಗಕ್ಕೆ ಇದು ಬರ್ಬೇಕು.

ಕಮಿಟಿಲಿ ಯಾರಾದ್ರೂ "ಆರು ವರ್ಷ ಅಂದ್ರೆ ಯಾರೂ ಒಪ್ಪಲ್ಲ ಸಾರ್, ಎರಡು ಅಂತಲೇ ಇರಲಿ" ಅಂತ ಹೇಳೇ ಹೇಳ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟ, ಇಡಬೇಡಿ. ಎರಡು ಅಂತ ಹೇಳಿ ದುಡ್ಡು ಎತ್ತಿದ್ರೆ ಮುಂದಿನ ಮಾರ್ಚಲ್ಲಿ ಟ್ಯಾಂಕರ್ ಬರೋದು ನಿಂತಿರಲ್ಲ, ಆಗ ಕಮಿಟಿ ಮುಖ ಎಲ್ಲಿಟ್ಕೊಳ್ಳುತ್ತೆ. ಆರು ವರ್ಷ ಅನ್ನೋದಕ್ಕೆ ಬೇರೆ ಬಲವಾದ ಕಾರಣ ಜೋಡಿಸಿ. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು 2009ರ ಜಲಮಂಡಳಿ ಕಾಯ್ದೆ ತಿದ್ದುಪಡಿಯಿಂದ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ ಕಡ್ಡಾಯ, ಮಾಡಿಸದೇ ಇದ್ರೆ ದಂಡ ನೀರಿನ ಬಿಲ್ಲಲ್ಲೇ ಸೇರಿ ಬರುತ್ತೆ. ನಿಮ್ಮ ಬಿಲ್ಲಲ್ಲಿ ಆ ಸಾಲು ಇದ್ರೆ ಫೋಟೋ ತೆಗೆದು ಸ್ಲೈಡಿಗೆ ಹಾಕಿ, ಮೊತ್ತ ದೊಡ್ಡದಾಗಿ ಕಾಣೋ ಹಾಗೆ. "ಕಾನೂನು ಅನುಸರಣೆ ಸುಗಮ" ಅನ್ನೋ ಬುಲೆಟ್‌ಗಿಂತ ಆ ಒಂದು ಫೋಟೋ ಸಾಕು. ದಂಡ ತಪ್ಪುತ್ತೆ ಅಂದ್ರೆ ಅದನ್ನೂ ಉಳಿತಾಯಕ್ಕೆ ಸೇರಿಸಿ, ವರ್ಷ ಕಮ್ಮಿ ಆಗುತ್ತೆ, ಆದ್ರೆ ಬೇರೆ ಸಾಲಲ್ಲಿ ತೋರಿಸಿ, ಬೆರೆಸಿ ಹಾಕಬೇಡಿ.

ಇನ್ನೊಂದು, 970 ಸರಾಸರಿ ಅಷ್ಟೇ. 2017ರಲ್ಲಿ ಬೆಂಗಳೂರಲ್ಲಿ ಸುಮಾರು 1,696 ಮಿಮೀ ಬಿದ್ದಿತ್ತು, 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯ್ತು. ಸ್ಲೈಡ್ ಕೆಳಗೆ "ಮಳೆ ಕಮ್ಮಿ ಬಿದ್ದ ವರ್ಷ ಉಳಿತಾಯ ಅರ್ಧಕ್ಕೆ ಇಳಿಯಬಹುದು" ಅಂತ ಒಂದು ಸಾಲು ಇರಲಿ.

ಟೂಲ್‌ಗೆ ಹೊಳೆಯದೇ ಇರೋ ಸ್ಲೈಡ್

ಡ್ರಾಫ್ಟಲ್ಲಿ ತಪ್ಪು ಹುಡುಕೋದು ಒಂದಾದ್ರೆ ಇಲ್ಲದೇ ಇರೋದನ್ನ ಹುಡುಕೋದು ಇನ್ನೊಂದು, ಅದಕ್ಕೆ ಬಿಲ್ಡಿಂಗಲ್ಲಿ ದಿನಾ ನೀರು ನೋಡ್ಕೊಳ್ಳೋರ ಜೊತೆ ಹತ್ತು ನಿಮಿಷ ಮಾತಾಡ್ಲೇಬೇಕು. ಇಂಥ ಮಾತಲ್ಲಿ ಬರೋದು ಹೀಗೆ: "ಸಾರ್, ಟ್ಯಾಂಕರ್ ಬೆಳಿಗ್ಗೆ ಬಂದು ಸಂಪ್ ಫುಲ್ ಮಾಡಿ ಹೋಗುತ್ತೆ, ಮಳೆ ಬರೋದು ಸಂಜೆ, ಸಂಪಲ್ಲಿ ಜಾಗ ಎಲ್ಲಿರುತ್ತೆ?"

ಇದು ಇಡೀ ಯೋಜನೆಯ ಪ್ರಾಣ ಇರೋ ಜಾಗ. 40 ಮಿಮೀ ಮಳೆ ಬಿದ್ರೆ ನಮ್ಮ ಟೆರೇಸಿಂದ 25,600 ಲೀಟರ್ ಬರುತ್ತೆ, ದಿನದ ಬಳಕೆ 18,900, ಅಂದ್ರೆ ಒಂದೂವರೆ ದಿನದೊಳಗೆ ಖರ್ಚಾಗೋ ನೀರು. ಹಿಡಿಯೋಕೆ ಜಾಗ ಇದ್ರೆ ಪೂರ್ತಿ ಉಪಯೋಗ, ಇಲ್ಲಾಂದ್ರೆ ಪೂರ್ತಿ ಚರಂಡಿಗೆ. ಮೂರಡಿ ಅಗಲ ಇಪ್ಪತ್ತಡಿ ಆಳದ ಇಂಗುಬಾವಿಲಿ ಒಮ್ಮೆಗೆ ನಿಲ್ಲೋದು ನಾಲ್ಕು ಸಾವಿರ ಲೀಟರ್ ಮಾತ್ರ, ಅದು ಇಂಗೋ ವೇಗ ಮಣ್ಣಿನ ಮೇಲೆ ಹೋಗುತ್ತೆ, ಹಾಗಾಗಿ ಒಂದೇ ಬಾವಿ ನಂಬ್ಕೊಂಡು ಕೂರೋಕಾಗಲ್ಲ. ಆದ್ದರಿಂದ ಮೇಯಿಂದ ನವೆಂಬರ್‌ವರೆಗೆ ಬೆಳಿಗ್ಗೆ ಸಂಪ್ ಅರ್ಧ ಮಾತ್ರ ತುಂಬಿಸ್ಬೇಕು, ಸಂಜೆ ಮಳೆ ಬರ್ಲಿಲ್ಲ ಅಂದ್ರೆ ರಾತ್ರಿ ಬೋರ್ ಓಡಿಸ್ಬೇಕು, ಈ ತೀರ್ಮಾನ ಯಾರು ತಗೋತಾರೆ ಅಂತ ಹೆಸರು ಸಮೇತ ಸ್ಲೈಡಲ್ಲಿ ಇರ್ಬೇಕು. "ಸಮುದಾಯದ ಸಕ್ರಿಯ ಪಾಲ್ಗೊಳ್ಳುವಿಕೆ" ಅಂತ ಇದ್ದಿದ್ದನ್ನ ಕಿತ್ತು ಆ ಜಾಗಕ್ಕೇ ಇದನ್ನ ಹಾಕಿ.

ಮತ್ತೆ ಕಟ್ಟೋದು

12 ಸ್ಲೈಡ್ ಇರ್ಲೇಬೇಕು ಅಂತ ಏನಿಲ್ಲ, ಐದೋ ಆರೋ ಸಾಕು. ಶೀರ್ಷಿಕೆನೇ ವಿಷಯ ಹೇಳ್ಬೇಕು, ಶೀರ್ಷಿಕೆ ಮಾತ್ರ ಓದಿದೋರಿಗೂ ವೋಟ್ ಹಾಕೋಷ್ಟು ತಿಳೀಬೇಕು. "ಪೀಠಿಕೆ" ಇದ್ದಲ್ಲಿ "ಹೋದ ವರ್ಷ ಟ್ಯಾಂಕರ್‌ಗೆ ಎಷ್ಟು ಕೊಟ್ವಿ" ಅಂತ ತಿಂಗಳವಾರು ಚಾರ್ಟ್, "ಪ್ರಯೋಜನಗಳು" ಇದ್ದಲ್ಲಿ "ಟೆರೇಸಿಂದ ವರ್ಷಕ್ಕೆ 6.2 ಲಕ್ಷ ಲೀಟರ್, ನಮ್ಮ ಬಳಕೆಯ 9%", "ಹೂಡಿಕೆ" ಇದ್ದಲ್ಲಿ "ಮನೆಗೆ 6,500, ವರ್ಷಕ್ಕೆ ಉಳಿಯೋದು 45,000", "ಸವಾಲುಗಳು" ಇದ್ದಲ್ಲಿ "ಫೆಬ್ರವರಿ ಮಾರ್ಚಲ್ಲಿ ಟ್ಯಾಂಕರ್ ನಿಲ್ಲಲ್ಲ". ನೀರು ಹಿಡ್ಕೊಂಡಿರೋ ಕೈಗಳ ಫೋಟೋ ತೆಗೆದು ನಿಮ್ಮದೇ ಟೆರೇಸಿನ ಮಳೆ ಪೈಪ್ ಚರಂಡಿಗೆ ನೀರು ಸುರೀತಿರೋ ಫೋಟೋ ಹಾಕಿ, ಫೋನಲ್ಲಿ ತೆಗೆದಿದ್ದೇ ಸಾಕು.

ಇಷ್ಟೆಲ್ಲ ಮಾಡಿದ್ಮೇಲೂ ಟೊಳ್ಳು ವಾಪಸ್ ಬಂದ್ರೆ

ಇದಕ್ಕೆ ಸಾಮಾನ್ಯ ಕಾರಣ ಒಂದೇ: ತಿದ್ದಿ ಮುಗಿಸಿ ಆಮೇಲೆ ಯಾರೋ ಅದೇ ಟೂಲ್‌ಗೆ ಹಾಕಿ "ಸ್ವಲ್ಪ ಪಾಲಿಶ್ ಮಾಡು" ಅಂತ ಕೇಳಿರ್ತಾರೆ. "ಫೆಬ್ರವರಿ ಮಾರ್ಚಲ್ಲಿ ಟ್ಯಾಂಕರ್ ನಿಲ್ಲಲ್ಲ" ಅನ್ನೋದು "ಬೇಸಿಗೆಯಲ್ಲಿ ಕೆಲವು ಮಿತಿಗಳಿರಬಹುದು" ಆಗಿರುತ್ತೆ, "ವರ್ಷಕ್ಕೆ 45,000" ಅನ್ನೋದು "ಗಣನೀಯ ಉಳಿತಾಯ" ಆಗಿರುತ್ತೆ. ಪಾಲಿಶ್ ಬೇಕೇ ಬೇಕು ಅಂದ್ರೆ ಕಾಗುಣಿತ ಮಾತ್ರ ನೋಡು, ಅಂಕಿ, ತಿಂಗಳು, ಹೆಸರು ಯಾವುದನ್ನೂ ಮುಟ್ಟಬೇಡ ಅಂತ ಹೇಳಿ, ಬಂದಿದ್ದನ್ನ ಎರಡನೇ ಪರೀಕ್ಷೇಲಿ ಮಾಡಿದ ಅಂಕಿ ಪಟ್ಟಿ ಜೊತೆ ಒಂದೊಂದಾಗಿ ಟಿಕ್ ಹಾಕ್ಕೊಂಡು ಹೋಗಿ. ಪಟ್ಟಿಲಿ ಇದ್ದು ಸ್ಲೈಡಲ್ಲಿ ಇಲ್ಲದ ಅಂಕಿ, ಸ್ಲೈಡಲ್ಲಿ ಇದ್ದು ಪಟ್ಟಿಲಿ ಇಲ್ಲದ ಅಂಕಿ, ಎರಡು ಥರದವೂ ಸಿಗ್ತವೆ. ಎರಡನೇ ಥರದ್ದು ಒಂದು ಕಂಡ್ರೂ ಆ ಸ್ಲೈಡನ್ನ ಪಾಲಿಶ್‌ಗೆ ಮುಂಚಿನ ಫೈಲಿಂದ ವಾಪಸ್ ತನ್ನಿ, ಅದಕ್ಕೇ ತಿದ್ದಿ ಮುಗಿದ ಫೈಲನ್ನ ಬೇರೆ ಹೆಸರಲ್ಲಿ ಸೇವ್ ಮಾಡಿಟ್ಟಿರ್ಬೇಕು, ಟ್ಯಾಂಕರ್ ರಿಜಿಸ್ಟರಿನ ಫೋಟೋಗಳನ್ನೂ ಅದೇ ಫೋಲ್ಡರಿಗೆ ಹಾಕಿಡಿ, ಮೀಟಿಂಗಲ್ಲಿ ಯಾರಾದ್ರೂ "ಸೆಪ್ಟೆಂಬರಲ್ಲಿ 9 ಲೋಡ್ ಅಂತ ಯಾರು ಹೇಳಿದ್ದು" ಅಂದ್ರೆ ಅಲ್ಲೇ ತೆಗೆದು ತೋರಿಸ್ಬಹುದು.